ನಿಂತ ನೆರಳು, ನಡೆಯುವ ನೆರಳು

ಹಗಲೂ ಇರುಳೂ ಸಮವಾಗುವ ಮಾರ್ಚ್ 21ರ ಆಸುಪಾಸಿನ ಒಂದು ದಿನ ಬಯಲಿನಲ್ಲಿ ಎರಡು ಕಂಬ ನೆಡಿ. ನೆಲದಿಂದ ಮೂರು ಮೀಟರ್ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಒಂದು ಉದ್ದನೆಯ ಹಗ್ಗ ಬಿಗಿಯಿರಿ. ಬಳ್ಳಾರಿಯಲ್ಲಾದರೆ ಹಗ್ಗದ ನೆರಳು ಅದರ ನೇರ ಕೆಳಗಿನ ಗೆರೆಯಿಂದ ಸುಮಾರು ಎಂಬತ್ತು ಸೆಂಟಿಮೀಟರ್ ಉತ್ತರಕ್ಕೆ ಬೀಳುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಸುಣ್ಣದ ಗೆರೆ ಎಳೆದು, ಮಧ್ಯಾಹ್ನ ಬಂದು ನೋಡಿ. ನೆರಳು ಆ ಗೆರೆಯ ಮೇಲೇ ಇರುತ್ತದೆ. ಸಂಜೆ ನಾಲ್ಕಕ್ಕೂ ಅಲ್ಲೇ. ಸೂರ್ಯ ಮಾತ್ರ ಆಕಾಶದ ಈ ತುದಿಯಿಂದ ಆ ತುದಿಗೆ ಹೋಗಿರುತ್ತಾನೆ.

ಅದೇ ಹಗ್ಗವನ್ನು ಬಿಚ್ಚಿ ಉತ್ತರ-ದಕ್ಷಿಣಕ್ಕೆ ಕಟ್ಟಿ. ಈಗ ಬೆಳಿಗ್ಗೆ ಒಂಬತ್ತಕ್ಕೆ ನೆರಳು ಹಗ್ಗದಿಂದ ಮೂರು ಮೀಟರ್ ಪಶ್ಚಿಮಕ್ಕೆ ಬಿದ್ದಿರುತ್ತದೆ. ನಡುಹಗಲಿಗೆ ಹಗ್ಗದ ನೇರ ಕೆಳಗೆ ಬರುತ್ತದೆ. ಮೂರು ಗಂಟೆಗೆ ಮೂರು ಮೀಟರ್ ಪೂರ್ವಕ್ಕೆ ಹೋಗಿರುತ್ತದೆ. ಆರು ಗಂಟೆಯಲ್ಲಿ ಆರು ಮೀಟರ್ ನೆಲವನ್ನು ಅದು ದಾಟಿದೆ.

ಹಗ್ಗದ ಜಾಗದಲ್ಲಿ ಎರಡು ಮೀಟರ್ ಅಗಲದ ಸೋಲಾರ್ ಪ್ಯಾನೆಲ್‌ಗಳ ಸಾಲನ್ನು ಇಟ್ಟುಕೊಳ್ಳಿ, ಕೆಳಗೆ ಬೆಳೆಯನ್ನು ಇಟ್ಟುಕೊಳ್ಳಿ. ಮೊದಲನೆಯ ಏರ್ಪಾಡಿನಲ್ಲಿ ಒಂದು ಪಟ್ಟಿಯ ಗಿಡಗಳು ದಿನವಿಡೀ ನೇರ ಬಿಸಿಲು ಕಾಣುವುದಿಲ್ಲ, ಪಕ್ಕದ ಪಟ್ಟಿಯ ಗಿಡಗಳು ಒಂದು ಗಳಿಗೆಯೂ ನೆರಳು ಕಾಣುವುದಿಲ್ಲ. ಎರಡನೆಯದರಲ್ಲಿ ಪ್ರತಿ ಗಿಡಕ್ಕೂ ಸರದಿಯ ಮೇಲೆ ನೆರಳು ಬರುತ್ತದೆ, ಹೋಗುತ್ತದೆ. ಪ್ಯಾನೆಲ್ ಅಷ್ಟೇ, ಕಬ್ಬಿಣ ಅಷ್ಟೇ, ಹೊಲವೂ ಅದೇ. ಸೋಲಾರ್ ಚಪ್ಪರದ ಕೆಳಗೆ ಬೇಸಾಯ ಮಾಡುತ್ತೇವೆಂದು ಹೊರಡುವವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಎತ್ತರ?’ ಎಂಬುದು. ಅದು ಕೇಳಬೇಕಾದದ್ದೇ. ಆದರೆ ಎತ್ತರ ಏನನ್ನು ಬದಲಿಸುತ್ತದೆ, ಏನನ್ನು ಬದಲಿಸುವುದಿಲ್ಲ ಎಂಬುದು ತಿಳಿಯದೆ ಕಂಬ ನೆಟ್ಟರೆ ಆಮೇಲೆ ಸರಿಪಡಿಸುವ ದಾರಿ ಇಲ್ಲ.

ನೆರಳಿನ ಲೆಕ್ಕ ನಮ್ಮ ಮಲೆನಾಡಿನವರಿಗೆ ಹೊಸದಲ್ಲ. ಕಾಫಿ ತೋಟದವರು ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿಸುತ್ತಾರೆ. ಬೇಸಿಗೆಯಲ್ಲಿ ಗಿಡವನ್ನು ಕಾಯ್ದ ನೆರಳೇ ಮೋಡ ಕವಿದ ತಿಂಗಳುಗಳಲ್ಲಿ ಹೊರೆಯಾಗುತ್ತದೆಂದು ಕೊಂಬೆ ಇಳಿಸಿ ಬೆಳಕು ಬಿಡುತ್ತಾರೆ. ಅಡಿಕೆ ತೋಟದೊಳಗೆ ಏಲಕ್ಕಿಯನ್ನೋ ವೀಳ್ಯದೆಲೆಯನ್ನೋ ಬೆಳೆಯುವವರಿಗೆ ಚದುರಿ ಬೀಳುವ ಬೆಳಕಿನ ಬೆಲೆ ಗೊತ್ತು. ಪ್ಯಾನೆಲ್‌ಗೆ ಮರಗಸಿ ಇಲ್ಲ. ಇಪ್ಪತ್ತೈದು ವರ್ಷ ಬಾಳುವಂತೆ ಕಾಂಕ್ರೀಟ್ ಹಾಕಿ ನಿಲ್ಲಿಸಿದ ಚಪ್ಪರವದು. ನೆರಳನ್ನು ಹದಮಾಡುವ ಕೆಲಸವೆಲ್ಲ ಗುಂಡಿ ತೋಡುವ ಮೊದಲೇ, ಕಾಗದದ ಮೇಲೆ ಮುಗಿಯಬೇಕು.

ಈ ವಿಚಾರ ಮೊದಲು ಕಾಗದದ ಮೇಲೇ ಹುಟ್ಟಿತು. ಜರ್ಮನಿಯ ಫ್ರೈಬರ್ಗ್‌ನಲ್ಲಿ 1981ರಲ್ಲಿ ಸೌರಶಕ್ತಿಯ ಫ್ರೌನ್‌ಹೋಫರ್ ಸಂಸ್ಥೆಯನ್ನು ಕಟ್ಟಿದ ಅಡಾಲ್ಫ್ ಗೋಯೆಟ್ಸ್‌ಬರ್ಗರ್, ಆರ್ಮಿನ್ ಜಾಸ್ಟ್ರೋ ಅವರೊಡನೆ ಸೇರಿ ಪ್ಯಾನೆಲ್‌ಗಳ ಕೆಳಗೆ ಆಲೂಗಡ್ಡೆ ಬೆಳೆಯುವ ಮಾತನ್ನು ಎತ್ತಿದರು. ಪ್ಯಾನೆಲ್‌ಗಳನ್ನು ನೆಲದಿಂದ ಸುಮಾರು ಎರಡು ಮೀಟರ್ ಮೇಲಕ್ಕೆತ್ತಿ, ಸಾಲುಗಳನ್ನು ಮಾಮೂಲಿಗಿಂತ ದೂರ ದೂರ ಇಟ್ಟರೆ, ಬಿಸಿಲಿನ ಮೂರನೇ ಎರಡು ಪಾಲು ಬೆಳೆಗೆ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಆಗ ಸೌರವಿದ್ಯುತ್ತು ಕೈಗೆಟುಕದಷ್ಟು ತುಟ್ಟಿಯಾಗಿತ್ತು. ಆ ಲೆಕ್ಕ ಹೊಲಕ್ಕಿಳಿಯಲು ದಶಕಗಳೇ ಹಿಡಿದವು.

ಈಗ ಆ ಎರಡು ಅಳತೆಗಳನ್ನು ಬಿಡಿಸಿ ನೋಡೋಣ. ಸಾಲಿನ ನಡುವಿನಿಂದ ಮುಂದಿನ ಸಾಲಿನ ನಡುವಿಗೆ ಇರುವ ದೂರ ಒಂದು. ಇದನ್ನು ಅಂತರ ಎನ್ನೋಣ. ಬೆಳೆಯ ಮೇಲೆ ಪ್ಯಾನೆಲ್ ಎಷ್ಟು ಎತ್ತರದಲ್ಲಿದೆ ಎಂಬುದು ಇನ್ನೊಂದು. ಲೆಕ್ಕ ಸುಲಭವಾಗಲೆಂದು ಪ್ಯಾನೆಲ್‌ಗಳು ನೆಲಕ್ಕೆ ಸಮಾನಾಂತರವಾಗಿ ಮಲಗಿವೆ ಎಂದುಕೊಳ್ಳೋಣ. ನಿಜವಾಗಿ ಮಳೆನೀರು ಹರಿದು ಧೂಳು ತೊಳೆಯಲೆಂದು ತುಸು ಓರೆ ಕೊಡುತ್ತಾರೆ. ಅದರಿಂದ ಲೆಕ್ಕ ಹೆಚ್ಚು ಕೆಡುವುದಿಲ್ಲ.

ಎರಡು ಮೀಟರ್ ಅಗಲದ ಪ್ಯಾನೆಲ್ ಸಾಲುಗಳು, ಆರು ಮೀಟರ್ ಅಂತರ. ಅಂದರೆ ನೆಲದ ಮೂರನೇ ಒಂದು ಭಾಗದ ಮೇಲೆ ಸೂರು ಬಂತು. ಮಲಗಿದ ಹಲಗೆಯ ನೆರಳು ಸೂರ್ಯ ಎಲ್ಲೇ ಇದ್ದರೂ ಹಲಗೆಯಷ್ಟೇ ಅಗಲ. ಬೆಳಗಾಗಲಿ ಮಧ್ಯಾಹ್ನವಾಗಲಿ ಎರಡು ಮೀಟರ್. ಆದ್ದರಿಂದ ಸಾಲುಗಳು ತುಂಬಿದ ದೊಡ್ಡ ಹೊಲದಲ್ಲಿ ಒಟ್ಟು ಬೆಳಕಿನ ಮೂರನೇ ಒಂದು ಪಾಲನ್ನು ಪ್ಯಾನೆಲ್ ತೆಗೆದುಕೊಳ್ಳುತ್ತದೆ, ಮೂರನೇ ಎರಡು ಪಾಲು ಬೆಳೆಗೆ ಇಳಿಯುತ್ತದೆ. ಪ್ಯಾನೆಲ್ ಒಂದೂವರೆ ಮೀಟರ್ ಎತ್ತರದಲ್ಲಿರಲಿ, ಐದು ಮೀಟರ್ ಎತ್ತರದಲ್ಲಿರಲಿ, ಹೊಲದ ಸರಾಸರಿ ಅಷ್ಟೇ. ಎತ್ತರಿಸಿದರೆ ಬೆಳಕು ಹೆಚ್ಚಾಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ, ಆದರೆ ಅದು ಸರಿಯಲ್ಲ. ಹಲಗೆ ಹಿಡಿದುಕೊಳ್ಳದ ಕಿರಣ ಕೆಳಗಿಳಿಯುತ್ತದೆ, ಹಿಡಿದುಕೊಂಡದ್ದು ಇಳಿಯುವುದಿಲ್ಲ. ಎಷ್ಟು ಹಿಡಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಅಂತರ. ಅದೇ ಎರಡು ಮೀಟರ್ ಹಲಗೆಗೆ ಅಂತರವನ್ನು ಎಂಟು ಮೀಟರ್ ಮಾಡಿದರೆ ಬೆಳೆಗೆ ಮುಕ್ಕಾಲು ಪಾಲು ಬೆಳಕು ಉಳಿಯುತ್ತದೆ, ಆದರೆ ಎಕರೆಗೆ ಹಿಡಿಸುವ ಪ್ಯಾನೆಲ್ ಕಾಲು ಪಾಲು ಕಡಿಮೆಯಾಗುತ್ತದೆ.

ಹಾಗಿದ್ದರೆ ಎತ್ತರದ ಕೆಲಸವೇನು? ಉಳಿದ ಬೆಳಕನ್ನು ಹಂಚುವುದು. ಇಲ್ಲಿಗೇ ಹೊಲದ ಹಣೆಬರಹ ಬಂದು ನಿಲ್ಲುತ್ತದೆ, ಏಕೆಂದರೆ ಗಿಡ ಸರಾಸರಿಯನ್ನು ಉಣ್ಣುವುದಿಲ್ಲ. ತನ್ನ ತಲೆಯ ಮೇಲೆ ಬಿದ್ದಷ್ಟನ್ನೇ ಉಣ್ಣುತ್ತದೆ.

ಬಳ್ಳಾರಿಯ ಅಕ್ಷಾಂಶ ಸುಮಾರು 15 ಡಿಗ್ರಿ. ಅಲ್ಲಿ ಉತ್ತರ-ದಕ್ಷಿಣವಾಗಿ ಹಾಕಿದ ಸಾಲುಗಳು, ಹಗಲಿರುಳು ಸಮವಾದ ದಿನ, ಮೋಡವಿಲ್ಲದ ಆಕಾಶ; ಸೂರ್ಯ ನೆತ್ತಿಗೇರುವ ಹೊತ್ತನ್ನು ಹನ್ನೆರಡು ಎಂದುಕೊಳ್ಳೋಣ. ಎರಡು ಗಿಡಗಳನ್ನು ಆರಿಸಿಕೊಳ್ಳುತ್ತೇನೆ: ಒಂದು ಹಲಗೆಯ ನಡುವಿನ ನೇರ ಕೆಳಗೆ, ಇನ್ನೊಂದು ಎರಡು ಸಾಲುಗಳ ಸರಿ ಮಧ್ಯದಲ್ಲಿ. ಹಲಗೆ ಎಲೆಯಿಂದ ಮೂರು ಮೀಟರ್ ಮೇಲಿದ್ದರೆ ಕೆಳಗಿನ ಗಿಡ ಹತ್ತೂ ಮುಕ್ಕಾಲರ ಹೊತ್ತಿಗೆ ನೆರಳಿಗೆ ಸೇರಿ, ಒಂದೂಕಾಲರ ಒಳಗೆ ಬಿಸಿಲಿಗೆ ಬರುತ್ತದೆ. ಮಧ್ಯದ ಗಿಡಕ್ಕೆ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂ ಮುಕ್ಕಾಲರವರೆಗೆ ಒಂದು ಸಾಲಿನ ನೆರಳು, ಮಧ್ಯಾಹ್ನ ಎರಡೂಕಾಲರಿಂದ ಮೂರೂವರೆಯವರೆಗೆ ಇನ್ನೊಂದು ಸಾಲಿನ ನೆರಳು. ಗಂಟೆ ಹೆಚ್ಚುಕಡಿಮೆ ಒಂದೇ. ಆದರೆ ಕೆಳಗಿನ ಗಿಡ ಕಳೆದುಕೊಂಡದ್ದು ಸುಡುವ ಹೊತ್ತಿನ ಬಿಸಿಲನ್ನು. ದಿನವಿಡೀ ಕೂಡಿಸಿದರೆ ಕೆಳಗಿನ ಗಿಡ ನೇರ ಬಿಸಿಲಿನಲ್ಲಿ ಶೇ. 38ರಷ್ಟನ್ನು, ಮಧ್ಯದ ಗಿಡ ಶೇ. 28ರಷ್ಟನ್ನು ಕಳೆದುಕೊಳ್ಳುತ್ತದೆ. ಸರಾಸರಿ 33ರ ಆಚೀಚೆ ಇಬ್ಬರೂ ಹತ್ತಿರದಲ್ಲೇ ಇದ್ದಾರೆ. ಕೊಯ್ಲು ಒಟ್ಟಿಗೆ ಬರುತ್ತದೆ.

ಹಲಗೆಯನ್ನು ಒಂದೂವರೆ ಮೀಟರ್‌ಗೆ ಇಳಿಸಿ ಅದೇ ಲೆಕ್ಕ ಮಾಡಿದರೆ ಕೆಳಗಿನ ಗಿಡದ ನಷ್ಟ ಶೇ. 56ಕ್ಕೆ ಏರುತ್ತದೆ, ಮಧ್ಯದ ಗಿಡದ್ದು ಶೇ. 15ಕ್ಕೆ ಇಳಿಯುತ್ತದೆ. ಸರಾಸರಿ ಬದಲಾಗಲಿಲ್ಲ, ಹೊಲ ಎರಡು ಹೊಲವಾಯಿತು. ಇನ್ನು ನಾಲ್ಕೂವರೆ ಮೀಟರ್‌ಗೆ ಏರಿಸಿದರೆ? ಶೇ. 34 ಮತ್ತು ಶೇ. 32ರ ಹತ್ತಿರ. ಮೂರರಿಂದ ನಾಲ್ಕೂವರೆಗೆ ಹೋಗಿ ಗಳಿಸಿದ್ದು ಕೆಲವೇ ಅಂಶ. ಕಬ್ಬಿಣದ ಖರ್ಚು ಮಾತ್ರ ಹಾಗಲ್ಲ. ಗಾಳಿ ಹಲಗೆಯನ್ನು ತಳ್ಳುವಾಗ ಕಂಬದ ಬುಡಕ್ಕೆ ಬೀಳುವ ಸೊಟ್ಟ ಎಳೆತ ಎತ್ತರ ಹೆಚ್ಚಿದಷ್ಟೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಕಂಬ ದಪ್ಪವಾಗಬೇಕು, ಗುಂಡಿ ಆಳವಾಗಬೇಕು. ಹೀಗೆ ನೋಡಿದಾಗ ನನ್ನ ತೀರ್ಪು ಇದು: ಎಲೆಯ ತುದಿಯಿಂದ ಹಲಗೆಗೆ ಇರುವ ಎತ್ತರ ಅಂತರದ ಅರ್ಧದಷ್ಟಿದ್ದರೆ ಬೆಳಕಿನ ಹಂಚಿಕೆಗೆ ಸಾಕು. ಅದಕ್ಕಿಂತ ಮೇಲಕ್ಕೆ ಹೋಗುವುದು ಯಂತ್ರಕ್ಕಾಗಿಯೇ ಹೊರತು ಗಿಡಕ್ಕಾಗಿ ಅಲ್ಲ.

ಎಲೆಯ ತುದಿಯಿಂದ ಎಂದು ಒತ್ತಿ ಹೇಳಲು ಕಾರಣವಿದೆ. ನೆಲದಿಂದ ಮೂರು ಮೀಟರ್ ಎತ್ತರದ ಚಪ್ಪರದ ಕೆಳಗೆ ಕೊತ್ತಂಬರಿ ಹಾಕಿದರೆ ಎತ್ತರ ಹೆಚ್ಚುಕಡಿಮೆ ಮೂರೇ. ಅದೇ ಚಪ್ಪರದ ಕೆಳಗೆ ತೊಗರಿ ಒಂದೂವರೆ ಮೀಟರ್ ಬೆಳೆದು ನಿಂತರೆ ಅದಕ್ಕೆ ಉಳಿದದ್ದು ಒಂದೂವರೆ. ಬಿತ್ತಿದಾಗ ಶೇ. 38-28ರ ಹೊಲವಾಗಿದ್ದದ್ದು ಹೂ ಬಿಡುವ ಹೊತ್ತಿಗೆ ಶೇ. 56-15ರ ಹೊಲವಾಗಿರುತ್ತದೆ. ಕಾಳು ಕಟ್ಟುವ ಕಾಲಕ್ಕೆ ಸಾಲಿನ ಕೆಳಗಿನ ತೊಗರಿ ಹಸಿರಾಗಿ ಸೊಂಪಾಗಿ ಕಂಡು ಕಾಯಿ ಮಾತ್ರ ಹಿಡಿಯದಿದ್ದರೆ ಗೊಬ್ಬರವನ್ನು ದೂರುವ ಮೊದಲು ಈ ಲೆಕ್ಕವನ್ನು ನೆನೆಯಬೇಕು.

ಎತ್ತರದ ಕಂಬಕ್ಕೆ ದುಡ್ಡಿಲ್ಲದವರಿಗೆ ಒಂದು ಬೇರೆ ದಾರಿಯಿದೆ, ಅದನ್ನು ತೋರಿಸಿಕೊಟ್ಟವರು ಜಪಾನಿನವರು. ಎರಡು ಮೀಟರ್ ಹಲಗೆಯನ್ನು ಆರು ಮೀಟರ್‌ಗೆ ಒಂದರಂತೆ ಇಡುವ ಬದಲು ಒಂದು ಮೀಟರ್ ಹಲಗೆಯನ್ನು ಮೂರು ಮೀಟರ್‌ಗೆ ಒಂದರಂತೆ ಇಟ್ಟರೆ ಒಟ್ಟು ಬೆಳಕು ಅಷ್ಟೇ, ಪ್ಯಾನೆಲ್ ಅಷ್ಟೇ. ಆದರೆ ನೆರಳು ದಾಟಬೇಕಾದ ದೂರ ಅರ್ಧವಾಯಿತು, ಹಾಗಾಗಿ ಬೇಕಾದ ಎತ್ತರವೂ ಅರ್ಧವಾಯಿತು. ಅಲ್ಲಿ ಅಕಿರಾ ನಾಗಾಶಿಮಾ 2003ರ ಸುಮಾರಿಗೆ ‘ಸೋಲಾರ್ ಶೇರಿಂಗ್’ ಎಂಬ ಹೆಸರಿನಲ್ಲಿ ಮುಂದಿಟ್ಟ ವಿನ್ಯಾಸದ ಜೀವಾಳ ಇದೇ: ಕಿರಿದಾದ ಹಲಗೆಗಳು, ನಡುನಡುವೆ ಧಾರಾಳ ಸಂದು, ಬಿಸಿಲಿನ ಮೂರನೇ ಒಂದು ಪಾಲಿನಷ್ಟು ಮಾತ್ರ ನೆರಳು. 2013ರಲ್ಲಿ ಜಪಾನಿನ ಕೃಷಿ ಸಚಿವಾಲಯ ಇಂಥ ಹೊಲಗಳಿಗೆ ಅನುಮತಿ ಕೊಡುವಾಗ ಒಂದು ಕಟ್ಟುಪಾಡು ಹಾಕಿತು. ಸುತ್ತಲಿನ ಹೊಲಗಳ ಸರಾಸರಿ ಇಳುವರಿಯಲ್ಲಿ ಶೇ. 80ಕ್ಕಿಂತ ಕೆಳಗೆ ಇಳಿಯಬಾರದು. ಬೇಸಾಯದ ನೆಪದಲ್ಲಿ ಬರೀ ವಿದ್ಯುತ್ತಿನ ವ್ಯಾಪಾರ ನಡೆಯದಂತೆ ತಡೆಯುವ ಈ ನಿಯಮ ನನಗೆ ಬಹಳ ಸರಿಯಾಗಿ ಕಾಣುತ್ತದೆ. ಕಿರಿ ಹಲಗೆಯ ದಾರಿಗೂ ಒಂದು ಮಿತಿ ಇದೆ: ಸಾಲುಗಳು ಹೆಚ್ಚುತ್ತವೆ, ಸಾಲು ಹೆಚ್ಚಿದಂತೆ ಕಂಬಗಳೂ ಹೆಚ್ಚುತ್ತವೆ, ಕಂಬಗಳ ನಡುವೆ ಟ್ರ್ಯಾಕ್ಟರ್ ತಿರುಗಿಸುವುದು ಕಷ್ಟವಾಗುತ್ತದೆ. ಕೈಕೆಲಸದಲ್ಲೇ ನಡೆಯುವ ಸೊಪ್ಪು-ತರಕಾರಿ ಹೊಲಕ್ಕೆ ಅದು ಹೊಂದುತ್ತದೆ, ಬಯಲುಸೀಮೆಯ ಹತ್ತು ಎಕರೆ ಕಡಲೆಗೆ ಹೊಂದುವುದಿಲ್ಲ.

ಈಗ ದಿಕ್ಕಿನ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ನಮ್ಮಲ್ಲಿ ತಪ್ಪಾಗುವ ಸಂಭವ ಹೆಚ್ಚಿರುವುದು ಅಲ್ಲೇ. ವಿದ್ಯುತ್ತನ್ನು ಮಾತ್ರ ನೋಡುವ ಎಂಜಿನಿಯರ್ ಪ್ಯಾನೆಲ್‌ಗಳನ್ನು ದಕ್ಷಿಣಕ್ಕೆ ಮುಖ ಮಾಡಿ ಪೂರ್ವ-ಪಶ್ಚಿಮದ ಸಾಲುಗಳಲ್ಲಿ ಜೋಡಿಸುತ್ತಾನೆ. ವರ್ಷದ ಒಟ್ಟು ವಿದ್ಯುತ್ತಿಗೆ ಅದು ಒಳ್ಳೆಯದು. ಜರ್ಮನಿಯಂಥ ದೂರದ ಉತ್ತರದಲ್ಲಿ ಸೂರ್ಯ ಸದಾ ದಕ್ಷಿಣಕ್ಕೆ ವಾಲಿರುವುದರಿಂದ, ಕಾಲದಿಂದ ಕಾಲಕ್ಕೆ ಅವನ ಎತ್ತರ ಬಹಳ ಬದಲಾಗುವುದರಿಂದ, ನೆರಳು ಹಲಗೆಯಿಂದ ದೂರ ಬೀಳುತ್ತದೆ. ನಮ್ಮ ಅಕ್ಷಾಂಶದಲ್ಲಿ ಮೇ ತಿಂಗಳ ಮೊದಲ ದಿನಗಳಲ್ಲಿ ಒಮ್ಮೆ, ಆಗಸ್ಟ್ ಎರಡನೇ ವಾರದಲ್ಲಿ ಒಮ್ಮೆ ಸೂರ್ಯ ಸರಿ ನೆತ್ತಿಯ ಮೇಲೆ ಬರುತ್ತಾನೆ. ನಡುವಿನ ದಿನಗಳಲ್ಲಿ ಮಧ್ಯಾಹ್ನ ತುಸು ಉತ್ತರಕ್ಕೇ ಇರುತ್ತಾನೆ. ಅಂದರೆ ಮುಂಗಾರು ಬೆಳೆ ಹೊಲದಲ್ಲಿ ಇರುವ ಕಾಲದಲ್ಲಿ ಪೂರ್ವ-ಪಶ್ಚಿಮದ ಸಾಲಿನ ನೆರಳು ಹಲಗೆಯ ಅಡಿಯಲ್ಲೇ ಕೂತಿರುತ್ತದೆ. ಜೂನ್ 21ರಂದು, ಮೂರು ಮೀಟರ್ ಎತ್ತರದ ಹಲಗೆಯ ನೆರಳು ಒಂಬತ್ತರಿಂದ ಮೂರರವರೆಗೆ ಉತ್ತರ-ದಕ್ಷಿಣವಾಗಿ ಜರುಗುವುದು ಹೆಚ್ಚೆಂದರೆ ಒಂದು ಮೊಳ. ಎರಡು ಮೀಟರ್ ಅಗಲದ ನೆರಳಿಗೆ ಒಂದು ಮೊಳದ ಜರುಗಾಟ ಯಾವ ಲೆಕ್ಕಕ್ಕೆ? ಎತ್ತರ ಹೆಚ್ಚಿಸಿದರೂ ಇದು ನೀಗುವುದಿಲ್ಲ, ಏಕೆಂದರೆ ನಡೆಯದ ನೆರಳನ್ನು ಎತ್ತರ ನಡೆಸಲಾರದು.

ಇದನ್ನು ಅರಿತೇ ಜರ್ಮನಿಯಲ್ಲೂ ಸಾಲುಗಳನ್ನು ತಿರುಗಿಸಿದರು. ಕಾನ್‌ಸ್ಟನ್ಸ್ ಸರೋವರದ ಹತ್ತಿರದ ಹೆಗೆಲ್‌ಬಾಖ್ ಎಂಬ ಊರಿನ ಸಾವಯವ ಹೊಲದಲ್ಲಿ 2016ರಲ್ಲಿ ಎದ್ದ 194 ಕಿಲೋವ್ಯಾಟ್‌ನ ಚಪ್ಪರ ಈ ಕ್ಷೇತ್ರದಲ್ಲಿ ಎಲ್ಲರೂ ನೋಡುವ ಪ್ರಯೋಗ. ಕೊಯ್ಲಿನ ದೊಡ್ಡ ಯಂತ್ರ ಕೆಳಗೆ ಓಡಾಡಬೇಕೆಂದು ಐದು ಮೀಟರ್ ಎತ್ತರ. 3.4 ಮೀಟರ್ ಅಗಲದ ಹಲಗೆ ಸಾಲುಗಳ ನಡುವೆ 9.5 ಮೀಟರ್ ಅಂತರ. ವಿದ್ಯುತ್ತಿಗಾಗಿ ಮಾತ್ರ ಕಟ್ಟಿದ್ದರೆ ಇನ್ನೂ ಒತ್ತಾಗಿ ಇಡಬಹುದಿತ್ತು. ಮುಖವನ್ನು ನೇರ ದಕ್ಷಿಣಕ್ಕೆ ಇಡದೆ ನೈರುತ್ಯಕ್ಕೆ ತಿರುಗಿಸಿದರು, ನೆರಳು ಹೊಲದ ಮೇಲೆ ಓಡಾಡಲಿ ಎಂದು. ಎತ್ತರ ಅಂತರದ ಅರ್ಧಕ್ಕೆ ತುಸು ಮೇಲೆ ಬಂತೆಂಬುದನ್ನು ಗಮನಿಸಿ. ಬೆಳೆಗೆ ಇಳಿದ ಬೆಳಕು ಪಕ್ಕದ ಬಯಲು ಹೊಲಕ್ಕಿಂತ ಸುಮಾರು ಶೇ. 30ರಷ್ಟು ಕಡಿಮೆ.

ಫಲ ಏನಾಯಿತು? ಮೊದಲ ವರ್ಷ, 2017ರಲ್ಲಿ, ಗೋಧಿ, ಆಲೂಗಡ್ಡೆ ಮತ್ತು ಸೆಲರಿ ಗೆಡ್ಡೆಯ ಇಳುವರಿ ಶೇ. 18-19ರಷ್ಟು ಬಿತ್ತು. ಮುಂದಿನ ವರ್ಷ ಯುರೋಪಿಗೆ ಬರ, ಸುಡುಬಿಸಿಲು. ಅದೇ ಚಪ್ಪರದ ಕೆಳಗೆ ಗೋಧಿ ಶೇ. 3, ಆಲೂಗಡ್ಡೆ ಶೇ. 11, ಸೆಲರಿ ಶೇ. 12 ಹೆಚ್ಚು ಬಂತು. ಅಳತೆ ಬದಲಾಗಲಿಲ್ಲ, ವರ್ಷ ಬದಲಾಯಿತು. ತಂಪು ಮೋಡದ ವರ್ಷದಲ್ಲಿ ಬೆಳಕೇ ಕೊರತೆ, ಅಲ್ಲಿ ನೆರಳು ನಷ್ಟ. ಬರದ ವರ್ಷದಲ್ಲಿ ನೀರು ಕೊರತೆ, ಅಲ್ಲಿ ನೆರಳು ನೀರಿನಂತೆ ಕೆಲಸ ಮಾಡಿತು. ಅಮೆರಿಕದ ಅರಿಜೋನಾದ ಮರುಭೂಮಿಯಲ್ಲಿ ಗ್ರೆಗ್ ಬ್ಯಾರನ್-ಗ್ಯಾಫರ್ಡ್ ಅವರ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದನ್ನೇ ಹೇಳುತ್ತದೆ: 3.3 ಮೀಟರ್ ಎತ್ತರದ ಪ್ಯಾನೆಲ್ ಕೆಳಗೆ ಅಲ್ಲಿನ ಕಾಡು ಮೆಣಸಿನಕಾಯಿ ಮೂರು ಪಟ್ಟು, ಚೆರಿ ಟೊಮೆಟೊ ಎರಡು ಪಟ್ಟು ಕಾಯಿ ಕೊಟ್ಟವು. ಇವನ್ನು ಓದಿ ಮಲೆನಾಡಿನ ಅಂಚಿನಲ್ಲಿ ಜುಲೈ ತಿಂಗಳಲ್ಲಿ ಟೊಮೆಟೊ ಹಾಕಿದರೆ ಮೂರು ಪಟ್ಟು ಬರುವುದಿಲ್ಲ. ಇರುವುದೂ ಬಾರದೆ ಹೋದೀತು. ನಮ್ಮ ಒಂದೇ ಹೊಲದಲ್ಲಿ ಜುಲೈ ಎಂದರೆ ಹೆಗೆಲ್‌ಬಾಖ್‌ನ ಮೊದಲ ವರ್ಷ, ಏಪ್ರಿಲ್ ಎಂದರೆ ಎರಡನೆಯ ವರ್ಷ.

ಅಂತರ ಒಂದನ್ನೇ ಬದಲಿಸಿ ನೋಡಿದ ಪ್ರಯೋಗವೂ ಇದೆ. ಫ್ರಾನ್ಸಿನ ಮೋಂಪೆಲ್ಯೇಯಲ್ಲಿ ಕ್ರಿಸ್ಟಿಯಾನ್ ಡುಪ್ರಾ ಅವರ ತಂಡ 2010ರಲ್ಲಿ ನಾಲ್ಕು ಮೀಟರ್ ಎತ್ತರದಲ್ಲಿ ಕಿರಿದಾದ ಹಲಗೆಗಳನ್ನು ಒಂದು ಕಡೆ 1.6 ಮೀಟರ್‌ಗೆ ಒಂದು, ಇನ್ನೊಂದು ಕಡೆ 3.2 ಮೀಟರ್‌ಗೆ ಒಂದರಂತೆ ಕಟ್ಟಿತು. ಒತ್ತಾದ ಕಡೆ ಅರ್ಧದಷ್ಟು ಬೆಳಕು ಇಳಿಯಿತು, ಬಿಡಿಯಾದ ಕಡೆ ಶೇ. 70ರಷ್ಟು. ಲೆಟ್ಯೂಸ್ ಸೊಪ್ಪು ಅಲ್ಲಿ ಮಾಡಿದ್ದೇನೆಂದರೆ, ಎಲೆಗಳ ಸಂಖ್ಯೆ ಕಡಿಮೆ ಮಾಡಿ ಪ್ರತಿ ಎಲೆಯನ್ನು ಅಗಲವಾಗಿ ಹರಡಿತು. ಹಾಗಾಗಿ ಬೆಳಕು ಕಡಿಮೆಯಾದಷ್ಟು ಇಳುವರಿ ಕಡಿಮೆಯಾಗಲಿಲ್ಲ. ಎಲೆಯೇ ಬೆಳೆಯಾಗಿರುವ ಸೊಪ್ಪಿಗೆ ಇದು ಲಾಭ. ಕಾಳು ಬೇಕಾದ ಬೆಳೆಗೆ ಅಗಲ ಎಲೆ ಕಟ್ಟಿಕೊಂಡು ಮಾಡುವುದೇನು?

ಒಂದು ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ಸೋಲಾರ್ ಚಪ್ಪರ ಮಾರುವವರು ಸಾಮಾನ್ಯವಾಗಿ ಒಂದು ವಾದ ಮುಂದಿಡುತ್ತಾರೆ: ಎಲೆ ಒಂದು ಮಿತಿಯವರೆಗೆ ಮಾತ್ರ ಬೆಳಕು ಬಳಸುತ್ತದೆ, ಆಚೆಯ ಬಿಸಿಲು ವ್ಯರ್ಥ, ಅದನ್ನೇ ನಾವು ವಿದ್ಯುತ್ತು ಮಾಡುತ್ತೇವೆ ಎಂದು. ಒಂದೊಂದೇ ಎಲೆಯ ಮಟ್ಟಿಗೆ ಇದು ನಿಜ. ಸೊಪ್ಪು, ಟೊಮೆಟೊ, ಆಲೂಗಡ್ಡೆಯಂಥ ಬೆಳೆಗಳ ಬಿಸಿಲಿಗೆ ಬಿದ್ದ ಎಲೆ ನಡುಹಗಲ ಬೆಳಕಿನ ಅರ್ಧಕ್ಕೇ ತೃಪ್ತವಾಗುತ್ತದೆ. ಆದರೆ ಗಿಡ ಒಂದು ಎಲೆಯಲ್ಲ. ಮೇಲಿನ ಎಲೆ ತೃಪ್ತವಾಗಿರುವಾಗ ಕೆಳಗಿನ ಎಲೆಗಳು ಅದರ ನೆರಳಿನಲ್ಲಿ ಹಸಿದೇ ಇರುತ್ತವೆ. ಮೇಲಿಂದ ಬೆಳಕು ಕಡಿಮೆಯಾದರೆ ಅವು ಇನ್ನೂ ಹಸಿಯುತ್ತವೆ. ಜೋಳ, ಮೆಕ್ಕೆಜೋಳ, ಸಜ್ಜೆ, ರಾಗಿ, ಕಬ್ಬುಗಳ ಎಲೆಗಳಂತೂ ಪೂರ್ತಿ ಬಿಸಿಲಿನಲ್ಲೂ ಸಾಕೆನ್ನುವುದಿಲ್ಲ. ಇವನ್ನು ಚಪ್ಪರದ ಕೆಳಗೆ ಹಾಕಬಾರದು, ಹತ್ತಿಯನ್ನೂ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಶುಂಠಿ, ಅರಿಶಿನ, ಬೇಸಿಗೆಯ ಸೊಪ್ಪುಗಳು, ಬೇಸಿಗೆಯ ದೊಣ್ಣೆಮೆಣಸಿನಕಾಯಿ, ವೀಳ್ಯದೆಲೆ ಇವೆಲ್ಲ ನೆರಳಿನೊಡನೆ ಹೊಂದಿಕೊಂಡು ಬಂದಿರುವ ಬೆಳೆಗಳು.

ನೆರಳು ಮಿತಿ ಮೀರಿದೆ ಎಂಬುದನ್ನು ಗಿಡವೇ ಹೇಳುತ್ತದೆ, ನೋಡುವ ಕಣ್ಣಿರಬೇಕು. ಗೆಣ್ಣಿನಿಂದ ಗೆಣ್ಣಿಗೆ ದೂರ ಹೆಚ್ಚಾಗಿ ದಂಟು ಸಣಕಲಾಗಿ ಬೆಳಕಿನ ಕಡೆಗೆ ವಾಲುತ್ತದೆ. ಎಲೆ ಅಗಲ, ತೆಳು, ತಿಳಿಹಸಿರು. ಹೂವು ತಡ. ಬೆಳಗಿನ ಇಬ್ಬನಿ ಎಲೆಯ ಮೇಲೆ ಹೊತ್ತೇರಿದರೂ ಆರುವುದಿಲ್ಲ, ಅದರ ಹಿಂದೆಯೇ ಬೂದಿರೋಗ, ಎಲೆಚುಕ್ಕೆ. ಇವು ಹೊಲದ ತುಂಬ ಇದ್ದರೆ ಅಂತರ ಸಾಲದು ಎಂದರ್ಥ. ಪಟ್ಟಿ ಪಟ್ಟಿಯಾಗಿ ಇದ್ದರೆ, ಒಂದು ಸಾಲು ಸಣಕಲು, ಪಕ್ಕದ ಸಾಲು ಗಟ್ಟಿ ಎಂದಿದ್ದರೆ, ಬೆಳಕು ಸಾಕಷ್ಟಿದೆ, ಹಂಚಿಕೆ ಕೆಟ್ಟಿದೆ. ದೋಷ ಎತ್ತರದಲ್ಲೋ ದಿಕ್ಕಿನಲ್ಲೋ ಇದೆ.

ಇನ್ನೊಂದು ಪಟ್ಟಿ ಮಳೆಯಿಂದ ಬರುತ್ತದೆ. ಎರಡು ಮೀಟರ್ ಅಗಲದ ಹಲಗೆಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸೂರಂಚಿನ ಪ್ರತಿ ಮೀಟರ್‌ಗೆ ಇಪ್ಪತ್ತು ಲೀಟರ್ ನೀರು ಒಂದೇ ಗೆರೆಯ ಮೇಲೆ ಸುರಿಯುತ್ತದೆ. ಹೆಚ್ಚು ಎತ್ತರದಿಂದ ಬಿದ್ದರೆ ಇನ್ನೂ ಜೋರು. ಮಣ್ಣು ಕೊರೆಯುತ್ತದೆ, ಸಸಿ ಮಲಗುತ್ತದೆ, ಎಲೆಗೆ ಕೆಸರು ಸಿಡಿದು ರೋಗ ಹತ್ತುತ್ತದೆ. ಸೂರಂಚಿಗೆ ದೋಣಿ ಕಟ್ಟಿ ನೀರನ್ನು ತೊಟ್ಟಿಗೆ ಒಯ್ಯುವುದು ಒಳ್ಳೆಯದು, ಆಗದಿದ್ದರೆ ಆ ಗೆರೆಯಲ್ಲಿ ಬೆಳೆ ಬಿಟ್ಟು ಹುಲ್ಲು ಬೆಳೆಸಬೇಕು. ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ ತನ್ನ 105 ಕಿಲೋವ್ಯಾಟ್‌ನ ಪ್ರಯೋಗದಲ್ಲಿ ಪ್ಯಾನೆಲ್ ಮೇಲಿನ ಮಳೆನೀರನ್ನು ಹೀಗೆ ಹಿಡಿದಿಟ್ಟುಕೊಳ್ಳುತ್ತದೆ. ಅವರ ದಾರಿ ಬೇರೆ: ಚಪ್ಪರ ಎತ್ತುವ ಖರ್ಚಿಗೆ ಹೋಗದೆ ಸಾಲುಗಳನ್ನು ತಗ್ಗಿನಲ್ಲೇ ಇಟ್ಟು, ನಡುವೆ ಮೂರು, ಆರು, ಒಂಬತ್ತು ಮೀಟರ್ ಬಯಲು ಬಿಟ್ಟು ಅಲ್ಲಿ ಹೆಸರು, ಮಡಿಕೆ, ಜೀರಿಗೆಯಂಥ ಗಿಡ್ಡ ಬೆಳೆ ಬೆಳೆಯುವುದು. ಮಳೆ ಕಡಿಮೆ, ಭೂಮಿ ಧಾರಾಳ ಇರುವಲ್ಲಿ ಇದು ಜಾಣತನ.

ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ರೈತರು ಭೂಮಿಯನ್ನು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಡುವುದರಿಂದ ಅದು ಆರಂಭವಾಯಿತು. ಬಾಡಿಗೆ ಬಂತು, ಬೇಸಾಯ ಹೋಯಿತು. ಹೊಲವಿದ್ದವನಿಗೆ ಬಾಡಿಗೆ, ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವಳಿಗೆ ಅದೂ ಇಲ್ಲ. ಈ ಒಂದು ಕಾರಣಕ್ಕೇ ಎತ್ತರದ ಪ್ಯಾನೆಲ್‌ನ ವಿಚಾರ ನನಗೆ ಮುಖ್ಯವೆನಿಸುತ್ತದೆ. 2019ರ ಪಿಎಂ-ಕುಸುಮ್ ಯೋಜನೆ ಸಣ್ಣ ಸ್ಥಾವರಗಳನ್ನು ರೈತರ ಜಮೀನಿನಲ್ಲಿ ಕಂಬಗಳ ಮೇಲೆ ಎತ್ತಿ ಕಟ್ಟಿ ಕೆಳಗೆ ಬೆಳೆ ತೆಗೆಯಲು ಅವಕಾಶ ಕೊಟ್ಟಿದೆ. ಆದರೆ ಕಂಬದ ಮೇಲೆ ಎತ್ತಿದ ಮಾತ್ರಕ್ಕೆ ಕೆಳಗೆ ಬೆಳೆ ಬರುವುದಿಲ್ಲ ಎಂಬುದು ಮೇಲಿನ ಲೆಕ್ಕದಿಂದ ತಿಳಿದಿರಬೇಕು.

ಮಾದರಿ ತಾಕು ತೋರಿಸಿ ನಂಬಿಸುವವರ ಬಗ್ಗೆಯೂ ಎಚ್ಚರ ಬೇಕು. ಒಂದು ಗುಂಟೆ ಎಂದರೆ ಹತ್ತು ಮೀಟರ್ ಚೌಕ. ಮೂರು ಮೀಟರ್ ಎತ್ತರದ ಹಲಗೆಯ ನೆರಳು ಬೆಳಿಗ್ಗೆ ಒಂಬತ್ತಕ್ಕೆ ಮೂರು ಮೀಟರ್ ಆಚೆ ಬೀಳುವುದರಿಂದ ಆ ತಾಕಿನ ನೆರಳಿನಲ್ಲಿ ಮೂರನೇ ಒಂದರ ಹತ್ತಿರ ಪಕ್ಕದವರ ಹೊಲಕ್ಕೆ ಹೋಗಿರುತ್ತದೆ. ಬದಿಗಳಿಂದ ಬಿಸಿಲು ಧಾರಾಳವಾಗಿ ಒಳಗೆ ಬರುತ್ತದೆ, ಬೆಳೆ ಚೆನ್ನಾಗಿ ಬರುತ್ತದೆ. ಎತ್ತರದಿಂದ ಒಟ್ಟು ಬೆಳಕು ಹೆಚ್ಚುವುದು ಇಂಥ ಸಣ್ಣ ತಾಕಿನಲ್ಲಿ ಮಾತ್ರ. ಅದೇ ವಿನ್ಯಾಸ ಐದು ಎಕರೆಗೆ ಹಬ್ಬಿದಾಗ ಪಕ್ಕದವರ ಹೊಲ ಎಂಬುದು ಇರುವುದಿಲ್ಲ. ಎಲ್ಲರ ನೆರಳೂ ನಿಮ್ಮ ಬೆಳೆಯ ಮೇಲೇ. ಮಾದರಿ ನೋಡಲು ಹೋದಾಗ ಅಂಚಿನ ಗಿಡಗಳನ್ನು ಬಿಟ್ಟು ನಟ್ಟನಡುವಿನ ಗಿಡಗಳನ್ನು ನೋಡಿ.

ಚಪ್ಪರ ಈಗಾಗಲೇ ಎದ್ದಿದ್ದರೆ ಅದನ್ನು ಪರೀಕ್ಷಿಸಲು ಯಂತ್ರವೂ ಬೇಡ. ಒಂದು ಸಾಲಿನ ನಡುವಿನಿಂದ ಮುಂದಿನ ಸಾಲಿನ ನಡುವಿನವರೆಗೆ ಅರ್ಧ ಮೀಟರ್‌ಗೆ ಒಂದರಂತೆ, ಬೆಳೆಯ ಎತ್ತರದಷ್ಟೇ ಉದ್ದದ ಕಡ್ಡಿಗಳನ್ನು ನೆಡಿ. ಮೋಡವಿಲ್ಲದ ಒಂದು ದಿನ ಎಂಟರಿಂದ ನಾಲ್ಕರವರೆಗೆ ಅರ್ಧ ಗಂಟೆಗೊಮ್ಮೆ ಹೋಗಿ ಯಾವ ಕಡ್ಡಿಯ ತುದಿ ಬಿಸಿಲಿನಲ್ಲಿದೆ, ಯಾವುದು ನೆರಳಿನಲ್ಲಿದೆ ಎಂದು ಹಾಳೆಯಲ್ಲಿ ಗುರುತು ಹಾಕಿ. ಸಂಜೆಗೆ ನಿಮ್ಮ ಹೊಲದ ನೆರಳಿನ ನಕ್ಷೆ ಕೈಯಲ್ಲಿರುತ್ತದೆ. ಹೆಚ್ಚು ನೆರಳಿನ ಪಟ್ಟಿಗೆ ಶುಂಠಿ, ಹೆಚ್ಚು ಬಿಸಿಲಿನ ಪಟ್ಟಿಗೆ ಕಡಲೆ ಎಂದು ಬೆಳೆಯನ್ನೇ ಹೊಂದಿಸಿಕೊಳ್ಳಬಹುದು.

ಇನ್ನೂ ಕಟ್ಟಿಸಬೇಕಾಗಿರುವವರು ಕಂಪನಿಯವರ ಕಾಗದಕ್ಕೆ ಸಹಿ ಹಾಕುವ ಮೊದಲು ನಾಲ್ಕು ವಿವರಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ: ಹಲಗೆ ಸಾಲಿನ ಅಗಲ, ಸಾಲಿನಿಂದ ಸಾಲಿಗೆ ಅಂತರ, ಹಲಗೆಯ ಕೆಳ ಅಂಚು ನೆಲದಿಂದ ಎಷ್ಟು ಎತ್ತರ, ಸಾಲು ಓಡುವ ದಿಕ್ಕು. ಜೊತೆಗೆ ನೀವು ಬೆಳೆಯುವ ಬೆಳೆಯ ಎತ್ತರಕ್ಕೆ ಲೆಕ್ಕ ಹಾಕಿದ ನೆರಳಿನ ನಕ್ಷೆಯನ್ನು ಜೂನ್, ಸೆಪ್ಟೆಂಬರ್, ಡಿಸೆಂಬರ್ ಮೂರು ತಿಂಗಳಿಗೂ ಕೇಳಿ. ಅದನ್ನು ಕೊಡಲು ಹಿಂಜರಿಯುವವರಿಗೆ ನಿಮ್ಮ ಹೊಲದಲ್ಲಿ ಕಂಬ ನೆಡಲು ಬಿಡಬೇಡಿ.